ಈ ನಂಬರ್ ನಿಮಗೆ ಯಾರು ಕೊಟ್ಟರು?

‘ನಿಮ್ಮ ಸಹಕಾರದಿಂದ ಯಶಸ್ವಿ 10 ವರ್ಷ! ಈ ವಾರ ಎಲ್ಲದರ ಮೇಲೆ ಶೇಕಡ 20 ರಿಯಾಯಿತಿ!’ ಇಂಥ ಸಂದೇಶ ತಿಂಗಳಿಗೆ ಒಂದಾದರೂ ನಮ್ಮ ಫೋನಿಗೆ ಬರುತ್ತದೆ. ಓದುತ್ತೇವೆ, ಬೇಕಾದ್ದಿದ್ದರೆ ಕೊಳ್ಳುತ್ತೇವೆ, ಮರೆಯುತ್ತೇವೆ. ಹತ್ತು ವರ್ಷ ಹೇಗೆ ಕಳೆಯಿತು, ನಮ್ಮ ‘ಸಹಕಾರ’ ಅಂದರೆ ಏನು ಎಂಬುದು ಆ ಸಂದೇಶದಲ್ಲಿ ಇರುವುದಿಲ್ಲ. ದೆಹಲಿ ಸುತ್ತಮುತ್ತ ನಮ್ಮವರು ನಡೆಸುವ ಸಣ್ಣ ವ್ಯಾಪಾರಗಳು ಈಗ ಒಂದೊಂದಾಗಿ ಹತ್ತರ ಗಡಿ ದಾಟುತ್ತಿವೆ. ಅದಕ್ಕೇ ಈ ಸಲದ ಅಂಕಣದಲ್ಲಿ ರಿಯಾಯಿತಿಯನ್ನೇ ನೆಚ್ಚಿಕೊಳ್ಳದೆ ಕಥೆ ಹೇಳಿ ಗಿರಾಕಿಗಳಿಗೆ ಧನ್ಯವಾದ ಹೇಳುವುದು ಹೇಗೆ ಎಂದು ನೋಡೋಣ. ಮೊದಲು ಎರಡು ದೊಡ್ಡ ಕಂಪನಿಗಳ ಹತ್ತನೇ ವರ್ಷ, ಆಮೇಲೆ ನೋಯ್ಡಾದ ಒಂದು ಪುಟ್ಟ ಕಾಫಿ ಪುಡಿ ವ್ಯಾಪಾರದ ಹತ್ತನೇ ವರ್ಷ.

ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ಗೆ ಹತ್ತು ತುಂಬಿದ್ದು 2017ರಲ್ಲಿ. ಆ ವರ್ಷ ಮೇ 14ರಿಂದ 18ರವರೆಗೆ ‘ಬಿಗ್ 10’ ಎಂಬ ಭಾರಿ ಮಾರಾಟ ನಡೆಯಿತು. ಯಾವ ಮೊಬೈಲ್ ಎಷ್ಟಕ್ಕೆ ಸಿಕ್ಕಿತು ಎಂದು ಇಂದು ನಮ್ಮಲ್ಲಿ ಯಾರಿಗೂ ನೆನಪಿರಲಿಕ್ಕಿಲ್ಲ. ಆದರೆ ಅದೇ ಕಂಪನಿಯ ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತು. 2007ರಲ್ಲಿ ಅವರಿಗೆ ಬಂದ ಮೊದಲ ಆರ್ಡರು ಮೆಹಬೂಬ್‌ನಗರದ ಒಬ್ಬ ಓದುಗರದು. ಬೇಕಾಗಿದ್ದದ್ದು ಜಾನ್ ವುಡ್ ಬರೆದ ‘ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್’ ಎಂಬ ಒಂದೇ ಒಂದು ಪುಸ್ತಕ. ಅದನ್ನು ಹುಡುಕಿಕೊಂಡು ಬೆಂಗಳೂರಿನ ಪುಸ್ತಕದಂಗಡಿಗಳನ್ನು ಸುತ್ತಿ ಹೇಗೋ ಕಳಿಸಿಕೊಟ್ಟರು. ಮಾರಾಟದ ಸುದ್ದಿ ಆ ವಾರಕ್ಕೆ ಮುಗಿಯಿತು. ಒಬ್ಬ ಗಿರಾಕಿ, ಒಂದು ಪುಸ್ತಕದ ಮಾತು ಇನ್ನೂ ಓಡಾಡುತ್ತಿದೆ.

ಫೇಸ್‌ಬುಕ್ ಹತ್ತು ತುಂಬಿದಾಗ ಹಿಡಿದ ದಾರಿ ಬೇರೆ. 2014ರ ಫೆಬ್ರುವರಿ 4ರಂದು ಅದು ‘ಲುಕ್ ಬ್ಯಾಕ್’ ಎಂಬ ಪುಟ್ಟ ವಿಡಿಯೊ ಹೊರತಂದಿತು. ಸುಮಾರು ಒಂದು ನಿಮಿಷದ್ದು. ಅದರಲ್ಲಿ ಕಂಪನಿಯ ಕಥೆ ಇರಲಿಲ್ಲ. ನೀವು ಮೊದಲು ಹಾಕಿದ ಫೋಟೊ, ಹೆಚ್ಚು ಜನ ಮೆಚ್ಚಿದ ನಿಮ್ಮ ಮಾತು, ನಿಮ್ಮ ಮನೆಯವರು, ಹೀಗೆ ನೋಡುವವರ ಕಥೆಯೇ ಇತ್ತು. ಒಬ್ಬೊಬ್ಬರಿಗೆ ಒಂದೊಂದರಂತೆ 70 ಕೋಟಿಗೂ ಹೆಚ್ಚು ವಿಡಿಯೊ ತಯಾರಿಸಿದ್ದರು. ಮೊದಲ ಎರಡೇ ದಿನಗಳಲ್ಲಿ 20 ಕೋಟಿ ಜನ ನೋಡಿದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ತಮ್ಮವರೊಂದಿಗೆ ಹಂಚಿಕೊಂಡರು. ಹೆಚ್ಚೇನೂ ಹಾಕದವರಿಗೆ ವಿಡಿಯೊ ಬದಲು ಕೆಲವು ಫೋಟೊ ಅಥವಾ ಬರೀ ಒಂದು ಧನ್ಯವಾದದ ಕಾರ್ಡು ಹೋಯಿತು. ಇಲ್ಲದ ನೆನಪನ್ನು ಹೊಂದಿಸುವ ಗೋಜಿಗೆ ಅವರು ಹೋಗಲಿಲ್ಲ.

ಆದರೆ ಆ ಪ್ರಯೋಗದಲ್ಲಿ ಎರಡು ತೊಡಕು ಎದ್ದವು, ಎರಡೂ ನಮಗೆ ಪಾಠ. ಮೊದಲನೆಯದು, ಯಂತ್ರ ಆರಿಸಿದ ನೆನಪು ಎಲ್ಲರಿಗೂ ಹಿಡಿಸಲಿಲ್ಲ. ಬೇಡದ ಫೋಟೊ ಬಂತೆಂದು ಜನ ಹೇಳಿದ ಮೇಲೆ ಕೆಲವೇ ದಿನಗಳಲ್ಲಿ ಬದಲಾಯಿಸುವ ಸೌಲಭ್ಯ ಸೇರಿಸಬೇಕಾಯಿತು. ಎರಡನೆಯದು ಇನ್ನೂ ಆಳದ್ದು. ಅಮೆರಿಕದ ಮಿಸೌರಿಯ ಒಬ್ಬ ತಂದೆ, ಎರಡು ವರ್ಷದ ಹಿಂದೆ ತೀರಿಕೊಂಡ ಮಗನ ವಿಡಿಯೊ ತನಗೆ ನೋಡಬೇಕು ಎಂದು ಕ್ಯಾಮರಾ ಮುಂದೆ ಕಣ್ಣೀರಿಟ್ಟು ಕೇಳಿಕೊಂಡರು. ಕಂಪನಿ ತಯಾರಿಸಿ ಕೊಟ್ಟಿತು. ಅದೇ ತಿಂಗಳಲ್ಲಿ, ತೀರಿಹೋದವರ ವಿಡಿಯೊವನ್ನು ಮನೆಯವರು ಕೇಳಿ ಪಡೆಯಬಹುದು ಎಂದು ನಿಯಮವನ್ನೂ ಮಾಡಿತು. ಹತ್ತು ವರ್ಷ ಎಂದರೆ ಗಿರಾಕಿಗಳಲ್ಲಿ ಕೆಲವರು ಈಗ ಇಲ್ಲ ಎಂದೇ ಅರ್ಥ. ಶೇಕಡ 20ರ ಸಂದೇಶ ಇದನ್ನು ಯೋಚಿಸುವುದೇ ಇಲ್ಲ. ಕಥೆ ಹೇಳ ಹೊರಟವರು ಯೋಚಿಸಲೇಬೇಕು.

ಇನ್ನು ನೋಯ್ಡಾಕ್ಕೆ ಬರೋಣ. ಮೂಡಿಗೆರೆ ಕಡೆಯ ನನ್ನ ಸ್ನೇಹಿತರೊಬ್ಬರು 2015ರ ಆಗಸ್ಟಿನಿಂದ ಊರಿನಿಂದ ಬೀಜ ತರಿಸಿ, ಇಲ್ಲೇ ಹುರಿದು, ಪುಡಿ ಮಾಡಿ ಮನೆಮನೆಗೆ ಕೊಡುತ್ತಾರೆ. ಅಂಗಡಿಗೆ ಫಲಕವೂ ಇಲ್ಲ. ಮಯೂರ ವಿಹಾರ, ಇಂದಿರಾಪುರಂ, ವಸುಂಧರಾ, ದ್ವಾರಕಾ, ಗುರುಗ್ರಾಮ ಸೇರಿ ಸುಮಾರು 480 ಮನೆ, ತಿಂಗಳಿಗೆ ಅರ್ಧ ಕಿಲೋದ 600 ಪೊಟ್ಟಣ. ಗಂಡ, ಹೆಂಡತಿ, ಇಬ್ಬರು ಹುಡುಗರು, ಒಂದು ಗ್ರೈಂಡರ್. ಕಳೆದ ವರ್ಷ ಹತ್ತು ತುಂಬುವ ಮೂರು ತಿಂಗಳ ಮುಂಚೆ ಬಂದು, “ಸಾರ್, ಎಲ್ಲರೂ ಕೊಡ್ತಾರೆ, ನಾವೂ ಒಂದು ತಿಂಗಳು ಟ್ವೆಂಟಿ ಪರ್ಸೆಂಟ್ ಬಿಟ್ಟುಬಿಡೋಣ ಅಂತಿದೀನಿ” ಎಂದರು. ನನ್ನ ಕಸುಬು ಜಾಹೀರಾತಿನದು. ಕಾಗದ ತೆಗೆದು ಮೊದಲು ಲೆಕ್ಕ ಹಾಕೋಣ ಎಂದೆ.

ಅರ್ಧ ಕಿಲೋ ಪೊಟ್ಟಣದ ಬೆಲೆ ₹400. ಬೀಜ, ಚಿಕೋರಿ, ಕರೆಂಟು, ಪೊಟ್ಟಣ, ತಲುಪಿಸುವ ಖರ್ಚು ಎಲ್ಲ ಸೇರಿ ₹300. ಉಳಿಯುವುದು ₹100. ಶೇಕಡ 20 ಬಿಟ್ಟರೆ ಬೆಲೆ ₹320 ಆಗುತ್ತದೆ, ಉಳಿಯುವುದು ₹20. ಅಂದರೆ ಮೊದಲು ಒಂದು ಪೊಟ್ಟಣದಲ್ಲಿ ಸಿಗುತ್ತಿದ್ದುದಕ್ಕೆ ಈಗ ಐದು ಮಾರಬೇಕು. ತಿಂಗಳ ₹60,000 ಉಳಿಯಬೇಕಾದರೆ 600ರ ಬದಲು 3,000 ಪೊಟ್ಟಣ. ಅವರ ಗ್ರೈಂಡರಿಗೆ ಅಷ್ಟು ಶಕ್ತಿಯಿಲ್ಲ, ಅವರ ಗಿರಾಕಿಗಳಿಗೂ ಇಲ್ಲ. ಅಗ್ಗವಾಯಿತೆಂದು ಯಾರೂ ದಿನಕ್ಕೆ ಹತ್ತು ಲೋಟ ಕಾಫಿ ಕುಡಿಯುವುದಿಲ್ಲ. ಅಷ್ಟೇ 600 ಹೋದರೆ ನೇರ ನಷ್ಟ ₹48,000.

ಇನ್ನೂ ಒಂದು ಸಂಗತಿ ಇದೆ, ಅದು ಕಾಫಿ ಪುಡಿಯ ವ್ಯಾಪಾರಕ್ಕೇ ಸೇರಿದ್ದು. ರಿಯಾಯಿತಿ ಇದ್ದಾಗ ಜನ ಎರಡು ತಿಂಗಳಿಗಾಗುವಷ್ಟು ತೆಗೆದಿಡುತ್ತಾರೆ. ಮುಂದಿನ ತಿಂಗಳ ಆರ್ಡರು ಅಲ್ಲಿಗೆ ಹೋಯಿತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಪುಡಿ ಮಾಡಿದ ಕಾಫಿ, ಪೊಟ್ಟಣ ಒಡೆದ ಎರಡು ಮೂರು ವಾರದಲ್ಲಿ ಘಮ ಕಳೆದುಕೊಳ್ಳುತ್ತದೆ. ಆರನೇ ವಾರ ಡಬ್ಬಿ ತೆರೆದವರು ‘ತುಂಬಾ ದಿನ ಇಟ್ಟೆವು’ ಎನ್ನುವುದಿಲ್ಲ, ‘ಈಚೆಗೆ ಇವರ ಕಾಫಿ ಮೊದಲಿನ ಹಾಗಿಲ್ಲ’ ಎನ್ನುತ್ತಾರೆ. ಅದರ ಮೇಲೆ, ಬೀಜದ ಬೆಲೆ 2024ರಿಂದ ಏರಿದ ಕಾರಣ ಅವರು ಎರಡು ಸಲ ದರ ಹೆಚ್ಚಿಸಿದ್ದರು. ಮೊನ್ನೆ ಏರಿಸಿ ಇಂದು ಇಳಿಸಿದರೆ, ಏರಿಸಿದ್ದೇ ಇದಕ್ಕೆ ಎಂದು ಯಾರಾದರೂ ಅಂದುಕೊಳ್ಳುವುದು ಸಹಜ.

ರಿಯಾಯಿತಿ ಬೇಡವಾದರೆ ಏನು ಕೊಡುವುದು? ಅವರ ಸೋದರಳಿಯ ಒಂದು ಕರಡು ಬರೆದು ತಂದಿದ್ದ. ‘ನಮ್ಮ ಪಯಣ’ ಎಂದು ತಲೆಬರಹ. ನಾವು ಹೇಗೆ ಕಷ್ಟಪಟ್ಟೆವು, ನಾವು ಹೇಗೆ ಗುಣಮಟ್ಟ ಕಾಯ್ದೆವು, ನಾವು ಹೇಗೆ ಬೆಳೆದೆವು. ಒಂದು ಪುಟದಲ್ಲಿ ‘ನಾವು’ ಹದಿನಾಲ್ಕು ಸಲ ಬಂದಿತ್ತು, ಗಿರಾಕಿ ಕೊನೆಯ ಸಾಲಿನಲ್ಲಿ ಒಂದು ಸಲ. ಇದು ಧನ್ಯವಾದವಲ್ಲ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದು. ಯಾವುದೇ ವಾರ್ಷಿಕೋತ್ಸವದ ಬರಹವನ್ನು ಪರೀಕ್ಷಿಸಲು ಇದು ಸುಲಭದ ದಾರಿ. ವಾಕ್ಯಗಳಲ್ಲಿ ಕೆಲಸ ಮಾಡುವವರು ಯಾರು ಎಂದು ಎಣಿಸಿ ನೋಡಿ.

ಕಥೆ ಸಿಕ್ಕಿದ್ದು ಅವರ ಲೆಕ್ಕದ ಪುಸ್ತಕದಲ್ಲಿ. ಮೊದಲ ಮೂರು ವರ್ಷ ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ತಾರೀಖು, ಫ್ಲ್ಯಾಟ್ ನಂಬರ್, ಎಷ್ಟು ಪುಡಿ, ಚಿಕೋರಿ ಎಷ್ಟು ಪಾಲು. ಪಕ್ಕದ ಅಂಚಿನಲ್ಲಿ ಅಲ್ಲಲ್ಲಿ ‘ಎರಡನೇ ಮಹಡಿ ಮೇಡಂ ಹೇಳಿದ್ದು’, ‘ಬ್ಯಾಂಕಿನವರ ಮನೆ ಕಡೆಯಿಂದ’ ಎಂದು ಟಿಪ್ಪಣಿ. ಮೊದಲ ದಿನದ ಹನ್ನೊಂದು ಮನೆಗಳಲ್ಲಿ ಈಗ ದೆಹಲಿಯಲ್ಲಿರುವುದು ಎರಡೇ. ಉಳಿದವರು ವರ್ಗವಾಗಿ ಹೋಗಿದ್ದಾರೆ. ಇದು ನಮ್ಮ ಊರಿನ ಸ್ವಭಾವವೇ ತಾನೆ? ಸರ್ಕಾರಿ ನೌಕರಿ, ಬ್ಯಾಂಕು, ಸೇನೆ, ಕಂಪನಿ, ಮೂರು ವರ್ಷ ಕಳೆದರೆ ಪೆಟ್ಟಿಗೆ ಕಟ್ಟುವವರೇ ಹೆಚ್ಚು. ಹಾಗಾದರೆ ವ್ಯಾಪಾರ ಹತ್ತು ವರ್ಷ ಬದುಕಿದ್ದು ಹೇಗೆ? ಹೋಗುವವರು ಬರುವವರಿಗೆ ನಂಬರ್ ಕೊಟ್ಟು ಹೋದದ್ದರಿಂದ. ನಿಜವಾಗಿ ಧನ್ಯವಾದ ಸಲ್ಲಬೇಕಾದವರು ಊರು ಬಿಟ್ಟವರು. ಅವರಿಗೆ ನೋಯ್ಡಾದ ಶೇಕಡ 20 ರಿಯಾಯಿತಿಯಿಂದ ಏನು ಪ್ರಯೋಜನ?

ಹೀಗಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆವು: “ಈ ನಂಬರ್ ನಿಮಗೆ ಯಾರು ಕೊಟ್ಟರು?” ಐದು ವಾರ, ಪೊಟ್ಟಣ ಕೊಡಲು ಹೋದ ಹುಡುಗರು ಬಾಗಿಲಲ್ಲೇ ಕೇಳಿ ಬರೆದುಕೊಂಡರು. ವಾಟ್ಸ್‌ಆ್ಯಪಿನಲ್ಲಿ ಕೇಳಲಿಲ್ಲ. ಅದಕ್ಕೆ ಕಾರಣವಿದೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಫೋನ್ ಬದಲಿಸಿದ ಹಳಬರಿಗೆ ಹೋಗುವುದೇ ಇಲ್ಲ, ಕಳಿಸಿದವರಿಗೆ ಹೋಗಿದೆ ಎಂಬ ಭ್ರಮೆ. ಎಸ್ಸೆಮ್ಮೆಸ್ ಕಳಿಸಬೇಕಾದರೆ ವ್ಯಾಪಾರದ ಹೆಸರು, ಸಂದೇಶದ ನಮೂನೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ನಮ್ಮ ಸ್ವಂತ ನಂಬರಿನಿಂದ ನೂರಾರು ಜನಕ್ಕೆ ಪ್ರಚಾರ ಕಳಿಸುವುದು ನಿಯಮಕ್ಕೆ ವಿರುದ್ಧ. ಇಷ್ಟು ಸಣ್ಣ ವ್ಯಾಪಾರಕ್ಕೆ ಬಾಗಿಲಲ್ಲಿ ಕೇಳುವುದೇ ವಾಸಿ.

480 ಮನೆಗಳಲ್ಲಿ 312 ಜನ ಯಾರದೋ ಹೆಸರು ಹೇಳಿದರು. 96 ಜನಕ್ಕೆ ನೆನಪಿರಲಿಲ್ಲ. 72 ಜನ ತಾವೇ ಹುಡುಕಿಕೊಂಡು ಬಂದವರು. ಹೆಸರು ಸಿಕ್ಕ ಮೇಲೆ ಅವರಿಗೆ ಯಾರು ಕೊಟ್ಟರು, ಅವರಿಗೆ ಯಾರು ಎಂದು ಹಿಂದಕ್ಕೆ ಹೋದೆವು. ನೆನಪು ಮೋಸ ಮಾಡುತ್ತದೆ. ಒಬ್ಬರು ‘2014ರಿಂದ ತಗೋತಿದೀನಿ’ ಎಂದು ಖಡಾಖಂಡಿತ ಹೇಳಿದರು, ಆಗ ವ್ಯಾಪಾರವೇ ಶುರುವಾಗಿರಲಿಲ್ಲ. ಇಬ್ಬರು ಗೆಳತಿಯರು ತಾವೇ ಇನ್ನೊಬ್ಬರಿಗೆ ಕೊಟ್ಟದ್ದು ಎಂದು ವಾದಿಸಿದರು. ಇಂಥಲ್ಲೆಲ್ಲ ಪುಸ್ತಕದಲ್ಲಿ ಯಾರ ಮೊದಲ ಆರ್ಡರಿನ ತಾರೀಖು ಹಿಂದಿನದೋ ಅದನ್ನೇ ಒಪ್ಪಿದೆವು. ಪುಸ್ತಕ ಹೇಳದ ಕಡೆ ಖಾಲಿ ಬಿಟ್ಟೆವು.

ಹೀಗೆ ಹಿಂದೆ ಹೋಗುತ್ತ ಹೋಗುತ್ತ 312ರಲ್ಲಿ 187 ಎಳೆ ಒಂದೇ ಮನೆಗೆ ಹೋಗಿ ಸೇರಿದವು. ಮಯೂರ ವಿಹಾರದಲ್ಲಿ ಮೂರೇ ವರ್ಷ ಇದ್ದು, 2018ರಲ್ಲಿ ಹುಬ್ಬಳ್ಳಿಗೆ ವರ್ಗವಾದ ಬ್ಯಾಂಕ್ ಅಧಿಕಾರಿಯ ಮನೆ. ಆ ಮನೆಯಾಕೆ ಹೋಗುವಾಗ ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಒಂದು ಚೀಟಿ ಅಂಟಿಸಿ ಹೋಗಿದ್ದರಂತೆ: ಹಾಲಿನವನು, ಗ್ಯಾಸ್, ಕಾಫಿ ಪುಡಿ. ಆ ಮನೆಗೆ ಆಮೇಲೆ ತಮಿಳರು ಬಂದರು, ಮಲಯಾಳಿಗಳು ಬಂದರು, ಈಗ ಲಖನೌದವರಿದ್ದಾರೆ. ಹಾಲಿನವನು ಬದಲಾದ, ಗ್ಯಾಸಿನ ನಂಬರ್ ಬದಲಾಯಿತು, ಚೀಟಿ ಹಾಗೇ ಇದೆ. ಒಬ್ಬೊಬ್ಬ ಬಾಡಿಗೆದಾರರೂ ಕಾಫಿ ಕುಡಿದು, ತಮ್ಮ ಆಫೀಸಿನವರಿಗೆ, ನೆಂಟರಿಗೆ ನಂಬರ್ ದಾಟಿಸಿದ್ದಾರೆ. ಆಕೆಗೆ ಇದು ಯಾವುದೂ ಗೊತ್ತಿರಲಿಲ್ಲ.

ಸಂದೇಶ ಕಳಿಸುವ ಮುಂಚೆ ಹಳೆಯ ಹೆಸರುಗಳನ್ನು ಮೂರು ಪಟ್ಟಿ ಮಾಡಿದೆವು. ಈಗಿನ 480 ಮನೆ ಒಂದು. ನಿಲ್ಲಿಸಿ ಬಹಳ ದಿನವಾದ 140 ಎರಡನೆಯದು. ಮೂರನೆಯದು 2021ರ ಏಪ್ರಿಲ್–ಜೂನ್ ನಡುವೆ ಇದ್ದಕ್ಕಿದ್ದಂತೆ ಆರ್ಡರು ನಿಂತ 23 ನಂಬರು. ಆ ದಿನಗಳಲ್ಲಿ ದೆಹಲಿ ಹೇಗಿತ್ತೆಂದು ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಆ 23ಕ್ಕೆ ಯಾವ ಸಂದೇಶವೂ ಹೋಗಕೂಡದು ಎಂದು ಮೊದಲೇ ನಿರ್ಧಾರವಾಯಿತು. ಸ್ನೇಹಿತರ ಹೆಂಡತಿ ಅಕ್ಕಪಕ್ಕದವರನ್ನು ಮೆಲ್ಲಗೆ ವಿಚಾರಿಸಿದರು. ಹತ್ತೊಂಬತ್ತು ಮನೆಯವರು ಊರಿಗೆ ಹೋದವರು ಅಥವಾ ಬೇರೆ ಕಡೆ ಕೊಳ್ಳುವವರು. ನಾಲ್ಕು ಮನೆಯಲ್ಲಿ ಸಾವಾಗಿತ್ತು. ವಸುಂಧರಾದ ಒಬ್ಬ ತಾಯಿಯ ಮನೆಗೆ ಅವರೇ ಹೋಗಿ ಕೂತು ವಿಷಯ ಹೇಳಿದರು. ಆಕೆ, “ಅವರು ಆಫೀಸಲ್ಲಿ ಎಷ್ಟು ಜನಕ್ಕೆ ಈ ಕಾಫಿ ಕುಡಿಸಿದಾರೋ ಲೆಕ್ಕವಿಲ್ಲಮ್ಮ. ಅವರ ಹೆಸರು ಹಾಕಿ” ಎಂದರಂತೆ. ಇನ್ನೊಂದು ಮನೆಯವರು ಬೇಡ ಎಂದರು. ಎರಡನ್ನೂ ಹಾಗೇ ಪಾಲಿಸಿದರು.

ಉಳಿದವರಿಗೂ ಇದೇ ರೀತಿ ಕೇಳಿದೆವು. ಹೆಸರು ಹಾಕಬಹುದೆ, ಬಡಾವಣೆ ಹೇಳಬಹುದೆ, ಫೋಟೊ ಬಳಸಬಹುದೆ, ಮೂರಕ್ಕೂ ಬೇರೆ ಬೇರೆ ಒಪ್ಪಿಗೆ. ಕಾಫಿ ತಲುಪಿಸಲು ಕೊಟ್ಟ ವಿಳಾಸವನ್ನು ಪ್ರಚಾರಕ್ಕೆ ಬಳಸುವುದು ಬೇರೆಯೇ ಮಾತು. 2023ರ ಮಾಹಿತಿ ಸಂರಕ್ಷಣಾ ಕಾಯ್ದೆಯ ತಿರುಳೂ ಅದೇ. ಬಹಳ ಜನ ಬಡಾವಣೆಗೆ ಹೂಂ ಎಂದರು, ಹೆಸರಿಗೆ ಬೇಡ ಎಂದರು. ಅದರಿಂದ ಕಥೆಗೆ ಏನೂ ಕಡಿಮೆಯಾಗಲಿಲ್ಲ.

ಕೊನೆಗೆ ಅಚ್ಚಾದ ಕಾರ್ಡಿನ ಮಾತು ಇಷ್ಟು:

“2018ರಲ್ಲಿ ಮಯೂರ ವಿಹಾರದ ಒಬ್ಬ ಮೇಡಂ ಮನೆ ಖಾಲಿ ಮಾಡುವಾಗ ಕಪಾಟಿನೊಳಗೆ ಒಂದು ಚೀಟಿ ಅಂಟಿಸಿ ಹೋದರು. ಅದರಲ್ಲಿ ನಮ್ಮ ನಂಬರ್ ಇತ್ತು. ಅವರ ಹಿಂದೆ ಬಂದ ಮೂರು ಮನೆಯವರು ಆ ಚೀಟಿ ಕೀಳಲಿಲ್ಲ. ಇಂದು ನಮ್ಮ ಕಾಫಿ ಕುಡಿಯುವ 480 ಮನೆಗಳಲ್ಲಿ 187 ಮನೆಗೆ ದಾರಿ ಶುರುವಾದದ್ದು ಆ ಕಪಾಟಿನಿಂದ. ನಿಮಗೆ ನಂಬರ್ ಕೊಟ್ಟವರ ಹೆಸರು, ನೀವು ಹೇಳಿದಂತೆ, ಹಿಂಬದಿಯಲ್ಲಿ ಬರೆದಿದ್ದೇವೆ. ಸಾಧ್ಯವಾದರೆ ಅವರಿಗೊಂದು ಫೋನ್ ಮಾಡಿ. ಜೊತೆಗೆ ಇಟ್ಟಿರುವ ಪೀಬೆರಿ ಪುಡಿ ನಾಲ್ಕು ಲೋಟಕ್ಕೆ ಆಗುತ್ತದೆ. ಯಾರನ್ನಾದರೂ ಕರೆದು ಕುಡಿಯಿರಿ.”

ಹಿಂಬದಿಯ ಹೆಸರನ್ನು ಕೈಯಲ್ಲೇ ಬರೆದರು. ನೆನಪಿಲ್ಲ ಎಂದವರ ಕಾರ್ಡಿನಲ್ಲಿ ಅವರ ಮೊದಲ ಆರ್ಡರಿನ ತಾರೀಖು ಮಾತ್ರ. ಗಿರಾಕಿಗಳಲ್ಲಿ ಮೂರರಲ್ಲೊಬ್ಬರು ಕನ್ನಡದವರಲ್ಲ. ಅವರಿಗೆ ಹಿಂದಿಯಲ್ಲಿ ಬೇರೆಯಾಗಿಯೇ ಬರೆಸಿದೆವು. 500 ಕಾರ್ಡಿಗೆ ₹5,500. ಮನೆಗೆ 50 ಗ್ರಾಂ ಪೀಬೆರಿ, ಒಂದಕ್ಕೆ ₹35ರಂತೆ ₹16,800. ಊರು ಬಿಟ್ಟವರಲ್ಲಿ ಪತ್ತೆಯಾದ 38 ಜನಕ್ಕೆ ಕಾಲು ಕಿಲೋ ಪುಡಿಯ ಪಾರ್ಸೆಲ್, ಒಂದಕ್ಕೆ ₹280ರಂತೆ ₹10,640. ಒಟ್ಟು ₹32,940. ಕಾಫಿ ಬೆಳೆಯುವ ನಾಡಿಗೆ ನೋಯ್ಡಾದಿಂದ ಕಾಫಿ ಪುಡಿ ಕಳಿಸುವುದಾ ಎಂದು ಎಲ್ಲರೂ ನಕ್ಕರು, ಆದರೂ ಕಳಿಸಿದರು.

ಫಲ ಏನು? ಎಷ್ಟು ಜನ ಹೊಗಳಿದರು ಎಂದು ನೋಡಲಿಲ್ಲ, ಪುಸ್ತಕ ನೋಡಿದೆವು. ಮುಂದಿನ ತಿಂಗಳ ಮಾರಾಟ ಇಳಿಯಲಿಲ್ಲ. ರಿಯಾಯಿತಿ ಕೊಟ್ಟಿದ್ದರೆ ಇಳಿಯುತ್ತಿತ್ತು. ನಿಲ್ಲಿಸಿದ್ದ 140ರಲ್ಲಿ 31 ಮನೆ ಎರಡು ತಿಂಗಳಲ್ಲಿ ಮತ್ತೆ ತೆಗೆದುಕೊಂಡವು. ಹೊಸದಾಗಿ 44 ಮನೆ ಸೇರಿದವು, ಈ ಸಲ ಪ್ರತಿಯೊಬ್ಬರ ಮುಂದೆಯೂ ನಂಬರ್ ಕೊಟ್ಟವರ ಹೆಸರು ಬರೆದಿದೆ. ಆದರೆ ಕಥೆಗೂ ಮಿತಿಯಿದೆ. ಕಳೆದ ಆರು ತಿಂಗಳಲ್ಲಿ ಬಂದ ಗಿರಾಕಿಗಳಿಗೆ ಈ ಕಾರ್ಡು ಏನೂ ಅನ್ನಿಸಲಿಲ್ಲ. ಅವರಿಗೆ ಹತ್ತು ವರ್ಷದ ನೆನಪೇ ಇಲ್ಲವಲ್ಲ. ಬೆಲೆ ಏರಿದ್ದಕ್ಕೆ ಬಿಟ್ಟುಹೋದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಗುರುಗ್ರಾಮದ ಒಬ್ಬರು ಕಾರ್ಡು ಪೂರ್ತಿ ಓದಿ, “ಕಥೆ ಚೆನ್ನಾಗಿದೆ. ಡಿಸ್ಕೌಂಟ್ ಎಷ್ಟು?” ಎಂದು ಕೇಳಿದರಂತೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಹುಬ್ಬಳ್ಳಿಯಿಂದ ಉತ್ತರ ಬರಲು ಎರಡು ವಾರ ಹಿಡಿಯಿತು. ಆ ತಾಯಿ ಪಾರ್ಸೆಲ್ ತಲುಪಿದ ದಿನವೇ ಫೋನ್ ಮಾಡಲಿಲ್ಲ. ಮೊದಲು ಮಯೂರ ವಿಹಾರದ ಈಗಿನ ಬಾಡಿಗೆದಾರರನ್ನು ಹುಡುಕಿ, ಅವರಿಂದ ಕಪಾಟಿನ ಬಾಗಿಲ ಫೋಟೊ ತರಿಸಿಕೊಂಡರು. ಅದನ್ನು ನನ್ನ ಸ್ನೇಹಿತರಿಗೆ ಕಳಿಸಿ, ಕೆಳಗೆ ಒಂದು ಸಾಲು ಬರೆದಿದ್ದರು: “ಹಾಲಿನವನ ನಂಬರ್ ಯಾರೋ ಹೊಡೆದು ಹಾಕಿದ್ದಾರೆ, ನಿಮ್ಮದರ ಮೇಲೆ ಯಾರೋ ಪೆನ್ನಿನಲ್ಲಿ ಮತ್ತೆ ತಿದ್ದಿ ಬರೆದಿದ್ದಾರೆ.” ಮಾಸಿದ್ದ ಅಂಕಿಗಳ ಮೇಲೆ ನೀಲಿ ಶಾಯಿಯಲ್ಲಿ ಬೇರೆಯದೇ ಕೈಬರಹ. ಯಾರದೆಂದು ಪುಸ್ತಕ ತಿರುವಿ ಹಾಕಿದರೂ ಪತ್ತೆಯಾಗಿಲ್ಲ.

ನಿಮ್ಮ ವ್ಯಾಪಾರಕ್ಕೆ ಈಗ ಎರಡೋ ಮೂರೋ ವರ್ಷವಾಗಿದ್ದರೆ, ಲೆಕ್ಕದ ಪುಸ್ತಕದಲ್ಲೋ ಮೊಬೈಲಿನಲ್ಲೋ ಗಿರಾಕಿಯ ಹೆಸರಿನ ಪಕ್ಕ ಇನ್ನೊಂದು ಕಂಬ ಎಳೆಯಿರಿ: ‘ಯಾರು ಹೇಳಿದ್ದು’. ಹತ್ತನೇ ವರ್ಷಕ್ಕೆ ಕೂತು ಕೇಳುತ್ತ ಹೋದರೆ ಐದರಲ್ಲೊಬ್ಬರಿಗೆ ನೆನಪಿರುವುದಿಲ್ಲ. ಅಂದಂದೇ ಬರೆದಿಟ್ಟರೆ ಅರ್ಧ ನಿಮಿಷದ ಕೆಲಸ.